ಗೋದಾಮಿನಲ್ಲಿ ಮಾಲಿಲ್ಲ, ಲಿಮಿಟ್ ಮಾತ್ರ ಫುಲ್: ದಾರಿಯಲ್ಲಿರುವ ಸ್ಟಾಕಿನ ಲೆಕ್ಕ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಲೀನಿಯರ್ ಗೈಡ್, ಬಾಲ್ ಸ್ಕ್ರೂ ಮಾರುವ ವ್ಯಾಪಾರ. ಮೊದಲು ಇಲ್ಲಿನ ಸ್ಟಾಕಿಸ್ಟ್ ಹತ್ತಿರ 30 ದಿನದ ಸಾಲಕ್ಕೆ ತಗೊಳ್ತಿದ್ವಿ. ಒಂದು ವರ್ಷದಿಂದ ತೈವಾನ್‌ನಿಂದ ನೇರವಾಗಿ ತರಿಸ್ತಿದ್ದೀವಿ, ತಿಂಗಳಿಗೆ ಒಂದು ಕಂಟೇನರ್. ಡ್ಯೂಟಿ, ಸಾಗಣೆ ಎಲ್ಲ ಸೇರಿದರೂ ನೂರಕ್ಕೆ ಹತ್ತು ಉಳಿತಾಯ. ಲಾಭ ಕಾಣಿಸ್ತಿದೆ, ಗೋದಾಮಿನಲ್ಲಿ ಮಾಲೂ ಜಾಸ್ತಿ ಇಲ್ಲ. ಆದರೆ ಬ್ಯಾಂಕಿನ ಸಿಸಿ ಸಾಲದ ಲಿಮಿಟ್ ಯಾವಾಗಲೂ ಫುಲ್. ದುಡ್ಡು ಎಲ್ಲಿ ಕೂತಿದೆ? ತಿಂಗಳಿಗೊಂದರ ಬದಲು ಹದಿನೈದು ದಿನಕ್ಕೊಂದು ಸಣ್ಣ ಆರ್ಡರ್ ಹಾಕಿದರೆ ಸರಿಹೋಗುತ್ತಾ?

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಇಲ್ಲ, ಸರಿಹೋಗುವುದಿಲ್ಲ. ಸ್ವಲ್ಪ ಕೆಡಲೂಬಹುದು. ಯಾಕೆ ಅನ್ನುವುದರಲ್ಲೇ ನಿಮ್ಮ ಮೊದಲ ಪ್ರಶ್ನೆಯ ಉತ್ತರವೂ ಇದೆ.

ನಿಮ್ಮ ದುಡ್ಡು ಗೋದಾಮಿನಲ್ಲಿ ಇಲ್ಲ. ಸ್ವಲ್ಪ ತೈಚುಂಗ್ ಕಡೆಯ ಫ್ಯಾಕ್ಟರಿಯಲ್ಲಿದೆ, ಸ್ವಲ್ಪ ಹಡಗಿನಲ್ಲಿದೆ, ಸ್ವಲ್ಪ ಚೆನ್ನೈ ಬಂದರಿನಲ್ಲಿದೆ. ಹೀಗೆ ನಿಮ್ಮದಾಗಿಯೂ ಕೈಗೆ ಸಿಗದೆ ದಾರಿಯಲ್ಲಿರುವ ಮಾಲಿಗೆ ಪೈಪ್‌ಲೈನ್ ಸ್ಟಾಕ್ ಅನ್ನುತ್ತಾರೆ. ಅದರ ಲೆಕ್ಕ ತುಂಬಾ ಸರಳ: ದಿನಕ್ಕೆ ಎಷ್ಟು ರೂಪಾಯಿ ಮಾಲು ಖರ್ಚಾಗುತ್ತದೆ, ಅದನ್ನು ಎಷ್ಟು ದಿನ ನಿಮ್ಮ ದುಡ್ಡು ಹೊತ್ತಿರುತ್ತದೆ, ಇವೆರಡರ ಗುಣಾಕಾರ. ಆರ್ಡರ್ ದೊಡ್ಡದೋ ಚಿಕ್ಕದೋ ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ತೋಟದ ಪೈಪ್ ಒಳಗೆ ಎಷ್ಟು ನೀರು ನಿಂತಿದೆ ಅನ್ನುವುದು ಪೈಪಿನ ಉದ್ದ ಮತ್ತು ದಪ್ಪಕ್ಕೆ ಬಿಟ್ಟಿದ್ದು, ತುದಿಯಲ್ಲಿ ಚೊಂಬಿಗೆ ಹಿಡಿಯುತ್ತೀರೋ ಕೊಡಕ್ಕೋ ಅನ್ನುವುದಕ್ಕಲ್ಲ.

ನೀವು ಅಂಕಿ ಕೊಟ್ಟಿಲ್ಲ. ಹಾಗಾಗಿ ಒಂದು ಸುಲಭದ ಸಂಖ್ಯೆ ಹಿಡಿಯುತ್ತೇನೆ. ತಿಂಗಳಿಗೆ ಎಫ್ಒಬಿ ಬೆಲೆಯಲ್ಲಿ, ಅಂದರೆ ಅಲ್ಲಿನ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆಯಲ್ಲಿ, ₹30 ಲಕ್ಷದ ಮಾಲು ಮಾರಿಹೋಗುತ್ತದೆ ಎಂದುಕೊಳ್ಳಿ. ದಿನಕ್ಕೆ ₹1 ಲಕ್ಷ. ಆರ್ಡರ್ ಜೊತೆ 30% ಅಡ್ವಾನ್ಸ್, ಫ್ಯಾಕ್ಟರಿ ಬಿಡುವ ಮುಂಚೆ ಉಳಿದ 70%. ಹೊಸ ಗಿರಾಕಿಗಳಿಗೆ ಅಲ್ಲಿನವರು ಸಾಮಾನ್ಯವಾಗಿ ಕೇಳುವುದು ಇಂಥದ್ದನ್ನೇ. ನಿಮ್ಮ ಒಪ್ಪಂದ ಬೇರೆ ಇದ್ದರೆ ಸಂಖ್ಯೆ ಬದಲಿಸಿಕೊಳ್ಳಿ.

ಆರ್ಡರ್ ಹಾಕಿದ ದಿನದಿಂದ ಮಾಲು ತಯಾರಾಗಲು 40 ದಿನ. ಈ 40 ದಿನ ನಿಮ್ಮ 30% ಅಲ್ಲಿ ಕೂತಿರುತ್ತದೆ. ಆಮೇಲೆ ಫ್ಯಾಕ್ಟರಿಯಿಂದ ಕಾವೋಸಿಯುಂಗ್ ಬಂದರಿಗೆ ಹೋಗಿ ವಾರದ ಹಡಗಿಗೆ ಕಾಯುವುದು 6 ದಿನ. ನಡುವೆ ಸಿಂಗಪುರದಲ್ಲೋ ಪೋರ್ಟ್ ಕ್ಲಾಂಗ್‌ನಲ್ಲೋ ಹಡಗು ಬದಲಾಯಿಸಿ ಚೆನ್ನೈ ಮುಟ್ಟಲು 20 ದಿನ. ಚೆನ್ನೈನಲ್ಲಿ ಇಳಿದು, ಕಸ್ಟಮ್ಸ್ ಮುಗಿದು, ಗೇಟ್ ದಾಟಲು 6 ದಿನ. ಲಾರಿಯಲ್ಲಿ ಪೀಣ್ಯಕ್ಕೆ ಬಂದು, ಇಳಿಸಿ, ಎಣಿಸಿ, ರ‍್ಯಾಕಿಗೆ ಏರಿಸಲು 2 ದಿನ. ಒಟ್ಟು 74 ದಿನ. ಅದರಲ್ಲಿ ಕೊನೆಯ 34 ದಿನ ಪೂರ್ತಿ ದುಡ್ಡು ನಿಮ್ಮದೇ.

ಗುಣಿಸಿ ನೋಡಿ. ದಿನದ ₹1 ಲಕ್ಷದಲ್ಲಿ 30% ಅಂದರೆ ₹30 ಸಾವಿರ, 74 ದಿನಕ್ಕೆ ₹22 ಲಕ್ಷ. ಉಳಿದ ₹70 ಸಾವಿರ, 34 ದಿನಕ್ಕೆ ₹24 ಲಕ್ಷ. ಎರಡೂ ಸೇರಿ ₹46 ಲಕ್ಷ. ಇದು ಸರಾಸರಿ. ವರ್ಷದ ಯಾವ ದಿನ ನೋಡಿದರೂ ಸುಮಾರು ಇಷ್ಟು ದುಡ್ಡು ದಾರಿಯಲ್ಲಿ ಇದ್ದೇ ಇರುತ್ತದೆ. ಒಂದು ಕಂಟೇನರ್ ಬಂದು ಇಳಿಯುವ ಹೊತ್ತಿಗೆ ಇನ್ನೊಂದು ಹೊರಟಿರುತ್ತದೆ, ಮೂರನೆಯದಕ್ಕೆ ಅಡ್ವಾನ್ಸ್ ಹೋಗಿರುತ್ತದೆ.

ಇದು ಕಣ್ಣಿಗೆ ಬೀಳದಿರಲು ಒಂದು ಕಾರಣ ಇದೆ. ನಿಮ್ಮ ಟ್ಯಾಲಿ ತೆಗೆದು ಸಂಡ್ರಿ ಕ್ರೆಡಿಟರ್ಸ್ ಪಟ್ಟಿ ನೋಡಿ. ತೈವಾನ್ ಸಪ್ಲೈಯರ್ ಹೆಸರಿನ ಮುಂದೆ ಡೆಬಿಟ್ ಬ್ಯಾಲೆನ್ಸ್ ಇರುತ್ತದೆ. ನೀವು ಅವನಿಗೆ ಕೊಡಬೇಕಾದ್ದಲ್ಲ, ಅವನ ಹತ್ತಿರ ಇರುವ ನಿಮ್ಮ ದುಡ್ಡು ಅದು. ತುಂಬಾ ಕಡೆ ಮಾಲು ಗೋದಾಮಿಗೆ ಬಂದ ಮೇಲೆಯೇ ಪರ್ಚೇಸ್ ಎಂಟ್ರಿ ಹಾಕುತ್ತಾರೆ. ಅಲ್ಲಿವರೆಗೆ ಸ್ಟಾಕ್ ರಿಪೋರ್ಟಿನಲ್ಲಿ ಆ ಮಾಲಿನ ಸುಳಿವೇ ಇರುವುದಿಲ್ಲ. ಎಫ್ಒಬಿ ಆದರೆ ಮಾಲು ಹಡಗಿಗೆ ಏರಿದ ಕ್ಷಣದಿಂದ ಅದರ ಹೊಣೆ ನಿಮ್ಮದು. ಅದನ್ನು ‘ಗೂಡ್ಸ್ ಇನ್ ಟ್ರಾನ್ಸಿಟ್’ ಅಂತ ಸ್ಟಾಕಿನಲ್ಲಿ ತೋರಿಸಬೇಕು. ಮಾರ್ಚ್ 31ಕ್ಕೆ ಆಡಿಟರ್ ಹೇಗೂ ಕೇಳುತ್ತಾರೆ. ಪ್ರತಿ ತಿಂಗಳು ಹಾಕಿದರೆ ನಿಮಗೇ ಅರ್ಥವಾಗುತ್ತದೆ.

ಈಗ ಹದಿನೈದು ದಿನದ ಆರ್ಡರ್ ವಿಷಯ. ಒಂದೊಂದು ಸರಕು ₹15 ಲಕ್ಷದ್ದಾಗುತ್ತದೆ, ಆದರೆ ದಾರಿಯಲ್ಲಿ ಎರಡು ಪಟ್ಟು ಸರಕುಗಳಿರುತ್ತವೆ. ₹46 ಲಕ್ಷ ಅಲ್ಲೇ ಇರುತ್ತದೆ. ಕಡಿಮೆಯಾಗುವುದು ಗೋದಾಮಿನ ಒಳಗಿನ ಸರಾಸರಿ ಮಾತ್ರ: ಕಂಟೇನರ್ ಬಂದಾಗ ₹30 ಲಕ್ಷ ಏರಿ ಸೊನ್ನೆಗೆ ಇಳಿಯುವುದರ ಅರ್ಧ, ಅಂದರೆ ₹15 ಲಕ್ಷ ಇದ್ದದ್ದು ₹7.5 ಲಕ್ಷ ಆಗುತ್ತದೆ. ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ಅರ್ಧ ಸರಕಿಗೆ ಪೂರ್ತಿ ಕಂಟೇನರ್ ಸಿಗಲ್ಲ, ಎಲ್‌ಸಿಎಲ್‌ನಲ್ಲಿ ಹೋಗಬೇಕು. ಬೇರೆಯವರ ಮಾಲು ಸೇರಿ ಡಬ್ಬ ತುಂಬುವವರೆಗೆ ಅಲ್ಲಿ ಕಾಯಬೇಕು. ಇಲ್ಲಿ ಕಂಟೇನರ್ ಬಿಚ್ಚುವ ಯಾರ್ಡ್ ಆದ ಸಿಎಫ್ಎಸ್‌ನಲ್ಲಿ ಡಬ್ಬ ಬಿಚ್ಚಿ, ಎಲ್ಲರ ಮಾಲು ಬೇರೆ ಮಾಡುವವರೆಗೆ ಮತ್ತೆ ಕಾಯಬೇಕು. ಇದರಲ್ಲಿ ಆರು ದಿನ ಹೋದರೆ ₹6 ಲಕ್ಷ ದಾರಿಗೆ ಸೇರಿಕೊಂಡಿತು. ಗೋದಾಮಿನಲ್ಲಿ ಉಳಿಸಿದ್ದು ಸಮುದ್ರಕ್ಕೆ ಹೋಯಿತು. ಮೇಲಿಂದ ಎರಡೆರಡು ಸಲ ಏಜೆಂಟ್ ಚಾರ್ಜು, ಡಾಕ್ಯುಮೆಂಟ್ ಚಾರ್ಜು.

ಇನ್ನು ಡ್ಯೂಟಿ. ಇಲ್ಲಿ ಜನ ದರವನ್ನು ನೋಡುತ್ತಾರೆ, ದುಡ್ಡು ಎಷ್ಟು ದಿನ ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನು ನೋಡಲ್ಲ. ಲೆಕ್ಕಕ್ಕಾಗಿ ಬೇಸಿಕ್ ಡ್ಯೂಟಿ 7.5% ಇಟ್ಟುಕೊಳ್ಳೋಣ, ನಿಮ್ಮ ಎಚ್‌ಎಸ್‌ಎನ್ ಪ್ರಕಾರ ಸರಿಮಾಡಿಕೊಳ್ಳಿ. ಕಂಟೇನರ್ ಎಫ್ಒಬಿ ₹30 ಲಕ್ಷ, ಹಡಗಿನ ಬಾಡಿಗೆ ಮತ್ತು ವಿಮೆ ₹1.2 ಲಕ್ಷ. ಒಟ್ಟು ₹31.2 ಲಕ್ಷದ ಮೇಲೆ ಬೇಸಿಕ್ ಡ್ಯೂಟಿ ₹2,34,000. ಅದರ 10% ಸೋಷಿಯಲ್ ವೆಲ್ಫೇರ್ ಸರ್ಚಾರ್ಜ್ ₹23,400. ಇಷ್ಟೂ ಸೇರಿದ ಮೊತ್ತದ ಮೇಲೆ 18% ಐಜಿಎಸ್‌ಟಿ ₹6,07,932. ಕಸ್ಟಮ್ಸ್‌ಗೆ ಕಟ್ಟಬೇಕಾದ್ದು ₹8.65 ಲಕ್ಷ, ಅದರಲ್ಲಿ ಹೆಚ್ಚಿನ ಪಾಲು ಐಜಿಎಸ್‌ಟಿಯೇ.

ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಬರುತ್ತದಲ್ಲ ಅಂತ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಬರುತ್ತದೆ, ನಿಜ. ಯಾವಾಗ? ಮುಂದಿನ ತಿಂಗಳ 20ರಂದು ಜಿಎಸ್‌ಟಿ ರಿಟರ್ನ್ 3ಬಿ ಕಟ್ಟುವಾಗ. ಕಂಟೇನರ್ 28ನೇ ತಾರೀಖು ಬಿಡುಗಡೆಯಾದರೆ ಸುಮಾರು 22 ದಿನದಲ್ಲಿ ಆ ಕ್ರೆಡಿಟ್ ಕೆಲಸಕ್ಕೆ ಬಂತು. ಅದೇ ಕಂಟೇನರ್ ಜಾರಿ 2ನೇ ತಾರೀಖು ಬಿಡುಗಡೆಯಾದರೆ 48 ದಿನ. ಕಸ್ಟಮ್ಸ್‌ನಲ್ಲಿ ತಡವಾದದ್ದು ನಾಲ್ಕೈದು ದಿನ, ₹6 ಲಕ್ಷ ಸಿಕ್ಕಿಕೊಂಡದ್ದು ಹತ್ತಿರ ಹತ್ತಿರ ಇನ್ನೊಂದು ತಿಂಗಳು. ತಿಂಗಳ ಕೊನೆಯ ವಾರ ಹಡಗು ಬರುವುದಿದ್ದರೆ ಕ್ಲಿಯರಿಂಗ್ ಏಜೆಂಟ್ ಬೆನ್ನು ಹತ್ತಬೇಕಾದದ್ದು ಇದಕ್ಕೇ. ಬಿಡುಗಡೆಯಾದ ಮೇಲೆ, ಕಸ್ಟಮ್ಸ್‌ಗೆ ಕೊಟ್ಟ ಆಮದು ಘೋಷಣೆ ಅಂದರೆ ಬಿಲ್ ಆಫ್ ಎಂಟ್ರಿ, ಜಿಎಸ್‌ಟಿ ಕ್ರೆಡಿಟ್ ತೋರಿಸುವ ನಿಮ್ಮ 2ಬಿ ಪಟ್ಟಿಯಲ್ಲಿ ಬಂದಿದೆಯಾ ಅಂತಲೂ ನೋಡಿ. ಸರಾಸರಿ 35 ದಿನ ಅಂದುಕೊಂಡರೆ ಐಜಿಎಸ್‌ಟಿಯಲ್ಲೇ ₹7 ಲಕ್ಷ ಸದಾ ಹೊರಗಿರುತ್ತದೆ.

ಇದಕ್ಕೆ ನೀವು ಕಳೆದುಕೊಂಡ ಒಂದು ಸೌಲಭ್ಯ ಸೇರಿಸಿ. ಸ್ಟಾಕಿಸ್ಟ್ ಕೊಡುತ್ತಿದ್ದ 30 ದಿನದ ಸಾಲ. ಇದೇ ಮಾಲನ್ನು ಅವನ ಹತ್ತಿರ ತಗೊಂಡರೆ ತಿಂಗಳಿಗೆ ₹38 ಲಕ್ಷ, ಜಿಎಸ್‌ಟಿ ಸೇರಿ ₹45 ಲಕ್ಷ. ಅಷ್ಟು ದುಡ್ಡು ಅವನದ್ದು ನಿಮ್ಮ ವ್ಯಾಪಾರದಲ್ಲಿ ಓಡುತ್ತಿತ್ತು. ಈಗ ಇಲ್ಲ. ದಾರಿಯ ₹46 ಲಕ್ಷ, ಐಜಿಎಸ್‌ಟಿಯ ₹7 ಲಕ್ಷ, ಹೋದ ಸಾಲ ₹45 ಲಕ್ಷ. ₹98 ಲಕ್ಷ ಆಯಿತು. ತಡವಾದರೆ ಇರಲಿ ಅಂತ ಇಟ್ಟುಕೊಳ್ಳುವ ಹೆಚ್ಚುವರಿ ಸ್ಟಾಕ್ ಸೇರಿದರೆ ಒಂದು ಕೋಟಿ ದಾಟುತ್ತದೆ.

ಹಾಗಾದರೆ ಆಮದು ನಷ್ಟವಾ? ಅಲ್ಲ. ಒಂದು ಕೋಟಿಗೆ 11% ಬಡ್ಡಿ ಹಿಡಿದರೂ ತಿಂಗಳಿಗೆ ₹92 ಸಾವಿರ. ನಿಮ್ಮ ಉಳಿತಾಯ ತಿಂಗಳಿಗೆ ₹3.8 ಲಕ್ಷದ ಹತ್ತಿರ. ಲಾಭ ನಿಜವಾದದ್ದೇ. ನಿಮಗೆ ಕೊರತೆಯಾಗಿರುವುದು ಲಿಮಿಟ್. ಈ ಎರಡನ್ನು ಬೇರೆ ಬೇರೆ ನೋಡದಿದ್ದರೆ ತಪ್ಪು ಕಡೆ ಕೈ ಹಾಕುತ್ತೀರಿ. ಉದಾಹರಣೆಗೆ, ದಿನ ಉಳಿಯಲಿ ಅಂತ ಎಲ್ಲವನ್ನೂ ವಿಮಾನದಲ್ಲಿ ತರಿಸುವುದು. 25 ದಿನ ಉಳಿದರೆ ಬಡ್ಡಿ ಉಳಿಯುವುದು ಮಾಲಿನ ಬೆಲೆಯ 0.75% ಮಾತ್ರ. ಉಕ್ಕಿನ ರೈಲ್‌ಗಳ ತೂಕಕ್ಕೆ ವಿಮಾನದ ಬಾಡಿಗೆ ಅದರ ಎಷ್ಟೋ ಪಟ್ಟು. ರೈಲ್ ಮೇಲೆ ಜಾರುವ ಬ್ಲಾಕ್ ಚಿಕ್ಕದು, ಬೆಲೆ ಜಾಸ್ತಿ, ಗಿರಾಕಿಯ ಮಷಿನ್ ನಿಂತಿದೆ ಅಂದಾಗ ವಿಮಾನ ಸರಿ. ಬಡ್ಡಿ ಉಳಿಸಲು ಅಲ್ಲ.

ಕಸ್ಟಮ್ಸ್‌ನ ಆ 6 ದಿನಕ್ಕೆ ಬರೋಣ. ಇದು ನಿಮ್ಮ ಕೈಯಲ್ಲಿರುವ ಭಾಗ. ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಹಿಂದಿನ ದಿನದೊಳಗೆ ಹಾಕಬೇಕು ಅನ್ನುವುದು ಕಸ್ಟಮ್ಸ್ ಕಾಯ್ದೆಯ 46ನೇ ಸೆಕ್ಷನ್. 30 ದಿನ ಮುಂಚೆಯೇ ಹಾಕಲೂ ಅವಕಾಶ ಇದೆ. ತಡವಾದರೆ ಮೊದಲ ಮೂರು ದಿನ ದಿನಕ್ಕೆ ₹5,000, ಆಮೇಲೆ ದಿನಕ್ಕೆ ₹10,000. ಆದರೂ ಹಡಗು ಬಂದ ಮೇಲೆ ಓಡಾಡುವವರು ಕಡಿಮೆ ಇಲ್ಲ. ಕಾರಣ ಹೆಚ್ಚಾಗಿ ಕಾಗದ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಮಾಲು ಹಡಗಿಗೆ ಏರಿದ್ದಕ್ಕೆ ಶಿಪ್ಪಿಂಗ್ ಲೈನ್ ಕೊಡುವ ಬಿಎಲ್, ಈ ಮೂರರಲ್ಲಿ ಎಲ್ಲೋ ತೂಕ ಹೊಂದಲ್ಲ, ಎಲ್ಲೋ ಪೆಟ್ಟಿಗೆ ಎಣಿಕೆ ಹೊಂದಲ್ಲ. ಬ್ಯಾಲೆನ್ಸ್ ದುಡ್ಡು ಕಳಿಸುವ ಮೊದಲೇ ಇವುಗಳ ಡ್ರಾಫ್ಟ್ ತರಿಸಿಕೊಂಡು ಏಜೆಂಟ್‌ಗೆ ತೋರಿಸಿ. ದುಡ್ಡು ಹೋದ ಮೇಲೆ ತಿದ್ದಿಸುವ ಅವಸರ ಅವರಿಗೆ ಇರಲ್ಲ.

ಲೀನಿಯರ್ ಗೈಡ್‌ಗೆ ಇನ್ನೊಂದು ತೊಂದರೆ ಇದೆ. ಬೇರಿಂಗ್ ಅಂತ ಹಾಕಬೇಕಾ, ಮಷಿನ್ ಭಾಗ ಅಂತ ಹಾಕಬೇಕಾ ಅನ್ನುವ ಪ್ರಶ್ನೆ ಏಳಬಹುದು. ಕ್ವೆರಿ ಬಂದರೆ ಉತ್ತರ ಕೊಡುವವರೆಗೆ ಫೈಲ್ ನಿಲ್ಲುತ್ತದೆ. ಕ್ಯಾಟಲಾಗ್, ಬಿಡಿ ಚಿತ್ರ, ಹಿಂದಿನ ಬಿಲ್ ಆಫ್ ಎಂಟ್ರಿಯ ಪ್ರತಿ ಒಂದು ಫೋಲ್ಡರಿನಲ್ಲಿ ತಯಾರಿದ್ದರೆ ಅದೇ ದಿನ ಉತ್ತರ ಹೋಗುತ್ತದೆ. ಇಲ್ಲದಿದ್ದರೆ ಶುಕ್ರವಾರದ ಕ್ವೆರಿಗೆ ಸೋಮವಾರ ಕ್ಯಾಟಲಾಗ್ ಹುಡುಕುತ್ತಾ ಕೂರುತ್ತೀರಿ. 6 ದಿನವನ್ನು 3ಕ್ಕೆ ಇಳಿಸಿದರೆ ₹3 ಲಕ್ಷ ಬಿಡುಗಡೆ. ಜೊತೆಗೆ ಬಂದರಿನ ಡೆಮರೇಜ್, ಶಿಪ್ಪಿಂಗ್ ಲೈನಿನ ಡಿಟೆನ್ಷನ್ ಭಯ ಇಲ್ಲ. ವೈಟ್‌ಫೀಲ್ಡ್ ಐಸಿಡಿಗೆ, ಅಂದರೆ ಒಳನಾಡಿನ ಕಂಟೇನರ್ ಡಿಪೋಗೆ, ತರಿಸಿ ಇಲ್ಲೇ ಕ್ಲಿಯರ್ ಮಾಡಿಸುವುದೂ ಒಂದು ದಾರಿ. ಓಡಾಟ ಸುಲಭ, ಆದರೆ ಚೆನ್ನೈನಲ್ಲಿ ರೈಲಿಗೆ ಕಾಯುವ ದಿನಗಳನ್ನೂ ಎಣಿಸಿ.

ಮಾಲನ್ನು ಬಾಂಡೆಡ್ ಗೋದಾಮಿಗೆ ಹಾಕಿ, ಬೇಕಾದಾಗ ಡ್ಯೂಟಿ ಕಟ್ಟಿ ಬಿಡಿಸಿಕೊಳ್ಳಿ ಅಂತ ಯಾರಾದರೂ ಹೇಳಬಹುದು. ಸಾಮಾನ್ಯ ಮಾಲಿಗೆ 90 ದಿನದವರೆಗೆ ಡ್ಯೂಟಿ ಮೇಲೆ ಬಡ್ಡಿ ಇಲ್ಲ, ಆಮೇಲೆ 15%. ಇದರಿಂದ ₹8.65 ಲಕ್ಷ ಮುಂದೆ ಹೋಗುತ್ತದೆ, ಮಾಲಿನ ₹30 ಲಕ್ಷ ಹೋಗಲ್ಲ. ತಿಂಗಳೊಳಗೆ ಮಾರಿಹೋಗುವ ಸೈಜುಗಳಿಗೆ ಬಾಂಡಿನ ಕಾಗದ, ಬಾಡಿಗೆಗಳ ತಲೆನೋವು ಬೇಡ ಅನ್ನುತ್ತೇನೆ.

ನಿಜವಾಗಿ ದೊಡ್ಡ ಗಂಟು ಬಿಚ್ಚುವುದು ದುಡ್ಡು ಕೊಡುವ ಶರತ್ತಿನಲ್ಲಿ. ಹಡಗು ನಿಮ್ಮ ಮಾತು ಕೇಳಲ್ಲ, ಸಪ್ಲೈಯರ್ ಕೇಳುತ್ತಾನೆ. ಒಂದು ವರ್ಷದಿಂದ ಸರಿಯಾಗಿ ದುಡ್ಡು ಕೊಟ್ಟಿದ್ದೀರಿ. 70% ಅನ್ನು ಫ್ಯಾಕ್ಟರಿ ಬಿಡುವ ಮುಂಚೆ ಅಲ್ಲ, ಬಿಎಲ್ ಪ್ರತಿ ಕಳಿಸಿದ ಮೇಲೆ ಕೊಡುತ್ತೇನೆ ಅನ್ನಿ. ಅಷ್ಟಕ್ಕೇ 6 ದಿನ, ₹4 ಲಕ್ಷ ಉಳಿಯಿತು. ಇನ್ನೂ ಒಳ್ಳೆಯದು, ಆ 70%ಗೆ ಬಿಎಲ್ ದಿನಾಂಕದಿಂದ 60 ದಿನದ ಎಲ್‌ಸಿ, ಅಂದರೆ ಆ ದಿನ ದುಡ್ಡು ಕೊಡುತ್ತೇವೆ ಅನ್ನುವ ಬ್ಯಾಂಕಿನ ಭರವಸೆ ಪತ್ರ. ಬಿಎಲ್ ಆದ 28 ದಿನಕ್ಕೆ ಮಾಲು ಪೀಣ್ಯದಲ್ಲಿರುತ್ತದೆ. ದುಡ್ಡು ಕೊಡಲು ಇನ್ನೂ 32 ದಿನ ಇದೆ. ದಾರಿಯ ₹46 ಲಕ್ಷದಲ್ಲಿ ₹24 ಲಕ್ಷ ಒಂದೇ ಏಟಿಗೆ ನಿಮ್ಮ ತಲೆಯಿಂದ ಇಳಿಯಿತು. ಉಳಿದದ್ದು ಅಡ್ವಾನ್ಸಿನ ₹22 ಲಕ್ಷ.

ಇದು ಬಿಟ್ಟಿ ಅಲ್ಲ. ಬ್ಯಾಂಕು ಎಲ್‌ಸಿ ಕಮಿಷನ್ ತಗೊಳ್ಳುತ್ತದೆ, ಮಾರ್ಜಿನ್ ಕೇಳುತ್ತದೆ. ಸಪ್ಲೈಯರ್ ಕೂಡ 60 ದಿನದ ಬಡ್ಡಿಯನ್ನು ರೇಟಿನಲ್ಲಿ ಸೇರಿಸಬಹುದು. ಮಾರ್ಜಿನ್‌ಗೆ ಅಂತ ದೊಡ್ಡ ಎಫ್‌ಡಿ ಇಡಿಸಿಕೊಂಡರೆ ಉಳಿದದ್ದರಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಅದನ್ನು ಮೊದಲೇ ಮಾತಾಡಿಕೊಳ್ಳಿ. ಡಾಲರ್ 60 ದಿನದಲ್ಲಿ ಏರಿದರೆ ಆ ಏರಿಕೆಯೂ ನಿಮ್ಮದೇ. ಡಾಲರ್ ದರವನ್ನು ಮೊದಲೇ ನಿಗದಿ ಮಾಡಿಕೊಳ್ಳುವ ಫಾರ್ವರ್ಡ್ ಬುಕ್ ಮಾಡುವ ಖರ್ಚನ್ನು ಸೇರಿಸಿಯೇ ರೇಟು ಹೋಲಿಸಿ.

ಬ್ಯಾಂಕಿನ ಮಾತು ಬಂತಲ್ಲ, ಸಿಸಿ ಲಿಮಿಟ್ ಯಾಕೆ ಇಷ್ಟು ಬೇಗ ತುಂಬುತ್ತದೆ ಅನ್ನುವುದಕ್ಕೆ ಇಲ್ಲೂ ಒಂದು ಕಾರಣ ಇದೆ. ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್‌ನಿಂದ ಡ್ರಾಯಿಂಗ್ ಪವರ್, ಅಂದರೆ ನೀವು ಎಷ್ಟು ದುಡ್ಡು ತೆಗೆಯಬಹುದು ಅನ್ನುವ ಮಿತಿ, ಲೆಕ್ಕ ಹಾಕುತ್ತಾರೆ. ಸಪ್ಲೈಯರ್‌ಗೆ ಕೊಟ್ಟ ಅಡ್ವಾನ್ಸನ್ನು ಅದರಲ್ಲಿ ಸಾಮಾನ್ಯವಾಗಿ ಹಿಡಿಯಲ್ಲ. ಹಡಗಿನಲ್ಲಿರುವ ಮಾಲನ್ನು ಕೆಲವು ಬ್ಯಾಂಕುಗಳು ಹಿಡಿಯುತ್ತವೆ, ಕೆಲವು ಹಿಡಿಯಲ್ಲ. ಬಿಎಲ್ ಮತ್ತು ಮರೀನ್ ವಿಮೆ ಇಟ್ಟು, ಗೂಡ್ಸ್ ಇನ್ ಟ್ರಾನ್ಸಿಟ್ ಸೇರಿಸಿ ಅಂತ ಮುಂದಿನ ರಿನ್ಯೂವಲ್‌ನಲ್ಲಿ ಬರವಣಿಗೆಯಲ್ಲಿ ಕೇಳಿ. ಎಲ್‌ಸಿಯಲ್ಲಿ ತಂದು ಇನ್ನೂ ದುಡ್ಡು ಕೊಡದ ಮಾಲನ್ನು ಮಾತ್ರ ಅವರು ಕಳೆದೇ ಲೆಕ್ಕ ಹಾಕುತ್ತಾರೆ.

ದಿನ ಎಷ್ಟು ಅನ್ನುವುದರಷ್ಟೇ ಮುಖ್ಯ, ದಿನ ಎಷ್ಟು ಆಚೀಚೆ ಆಗುತ್ತದೆ ಅನ್ನುವುದು. 74 ದಿನ ಅಂದದ್ದು ಒಮ್ಮೆ 65, ಒಮ್ಮೆ 85 ಆದರೆ ನೀವು ಭಯಕ್ಕೆ ಸ್ಟಾಕ್ ಇಡುತ್ತೀರಿ. ಎಷ್ಟು ಇಡಬೇಕು ಅನ್ನುವುದಕ್ಕೆ ಒಂದು ಸೂತ್ರ ಇದೆ:

```
SS = z × √( L × σd² + d² × σL² )
```

SS ಅಂದರೆ ಇಡಬೇಕಾದ ಹೆಚ್ಚುವರಿ ಸ್ಟಾಕ್. L ಅಂದರೆ 74 ದಿನ, d ದಿನದ ₹1 ಲಕ್ಷ. σd ದಿನದ ಮಾರಾಟದ ಏರಿಳಿತ, ₹0.5 ಲಕ್ಷ ಇರಲಿ. σL ದಿನಗಳ ಏರಿಳಿತ, 8 ಇರಲಿ. ನೂರರಲ್ಲಿ 95 ಸಲ ಮಾಲು ಸಾಲದೆ ಹೋಗಬಾರದು ಅಂದರೆ z 1.65. ಉತ್ತರ ಸುಮಾರು ₹15 ಲಕ್ಷ. ಈಗ ಸರಾಸರಿ 74 ದಿನ ಹಾಗೇ ಇದ್ದು, ಏರಿಳಿತ ಮಾತ್ರ 8ರಿಂದ 4 ದಿನಕ್ಕೆ ಇಳಿದರೆ ₹10 ಲಕ್ಷ ಸಾಕು. ಒಂದು ದಿನವೂ ವೇಗ ಹೆಚ್ಚದೆ ₹5 ಲಕ್ಷ ಕಡಿಮೆ. ಅದಕ್ಕೇ ನಾನು ಎರಡು ದಿನ ಬೇಗ ಬರುವ ಹಡಗಿಗಿಂತ ಹೇಳಿದ ವಾರಕ್ಕೆ ಬರುವ ಹಡಗನ್ನು ಆರಿಸುತ್ತೇನೆ. ಹಡಗು ಬದಲಾಯಿಸುವ ಬಂದರಿನಲ್ಲಿ ಮುಂದಿನ ಹಡಗು ತಪ್ಪುವುದೇ ಈ ಏರಿಳಿತಕ್ಕೆ ದೊಡ್ಡ ಕಾರಣ. ಒಂದು ಎಚ್ಚರಿಕೆ: ಈ ₹15 ಲಕ್ಷ ಎಲ್ಲ ಮಾಲನ್ನೂ ಒಟ್ಟಿಗೆ ಹಿಡಿದ ಲೆಕ್ಕ. ಸೈಜ್ ಸೈಜಿಗೆ ಬೇರೆ ಹಾಕಿದರೆ ಮೊತ್ತ ಜಾಸ್ತಿಯೇ ಬರುತ್ತದೆ. ಅದನ್ನು ಇಳಿಸಲು ನಿಮ್ಮ ವ್ಯಾಪಾರದಲ್ಲೇ ಒಂದು ಅನುಕೂಲ ಇದೆ. ಗಿರಾಕಿ ಕೇಳಿದ ಅಳತೆಗೆ ಅಲ್ಲಿಂದ ಕತ್ತರಿಸಿ ತರಿಸುವ ಬದಲು 4 ಮೀಟರ್ ಉದ್ದದ ರೈಲ್ ತರಿಸಿ ಇಲ್ಲೇ ಕತ್ತರಿಸಿ. ಗಟ್ಟಿ ಮಾಡಿದ ಉಕ್ಕು, ಅಬ್ರೇಸಿವ್ ಚಕ್ರದ ಕಟರ್ ಬೇಕು. ಆದರೆ ಒಂದೇ ರೈಲ್ ಎಲ್ಲ ಅಳತೆಗೂ ಆಗುತ್ತದೆ.

ದಿನ ಒಮ್ಮೆಗೇ ಏರಿದರೆ ಏನಾಗುತ್ತದೆ ಅನ್ನುವುದನ್ನು ಯುರೋಪಿನಿಂದ ತರಿಸುವವರು ನೋಡಿದ್ದಾರೆ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತು. ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಬರಬೇಕಾದಾಗ ಹತ್ತರಿಂದ ಹದಿನಾಲ್ಕು ದಿನ ಜಾಸ್ತಿ ಹಿಡಿಯಿತು. ದಿನಕ್ಕೆ ₹1 ಲಕ್ಷದ ಜರ್ಮನ್ ಮಾಲು ಮುಂಗಡ ದುಡ್ಡು ಕೊಟ್ಟು ತರಿಸುವವರಿಗೆ, ಒಂದು ನಟ್ ಕೂಡ ಜಾಸ್ತಿ ಮಾರದೆ, ₹10ರಿಂದ 14 ಲಕ್ಷ ಹೆಚ್ಚಿಗೆ ಹಾಕಬೇಕಾಯಿತು. ನಿಮ್ಮ ತೈವಾನ್ ದಾರಿ ಅಲ್ಲಿಗೆ ಹೋಗಲ್ಲ. ಆದರೂ ಹತ್ತು ದಿನಕ್ಕೆ ಸಾಕಾಗುವಷ್ಟು ಲಿಮಿಟ್ ಖಾಲಿ ಇಟ್ಟುಕೊಂಡಿರಿ.

ಈಗ ಮಾಡಬೇಕಾದ ಕೆಲಸ ಒಂದೇ. ಕಳೆದ ವರ್ಷದ ಎಲ್ಲ ಕಂಟೇನರ್‌ಗಳ ಫೈಲ್ ತೆಗೆದು, ಒಂದೊಂದಕ್ಕೂ ಈ ತಾರೀಖುಗಳನ್ನು ಒಂದು ಸಾಲಿನಲ್ಲಿ ಬರೆಯಿರಿ: ಅಡ್ವಾನ್ಸ್, ಬ್ಯಾಲೆನ್ಸ್, ಬಿಎಲ್, ಹಡಗು ಬಂದದ್ದು, ಬಿಲ್ ಆಫ್ ಎಂಟ್ರಿ ಹಾಕಿದ್ದು, ಕಸ್ಟಮ್ಸ್‌ನ ಬಿಡುಗಡೆ ಆದೇಶ ಔಟ್ ಆಫ್ ಚಾರ್ಜ್ ಸಿಕ್ಕಿದ್ದು, ರ‍್ಯಾಕಿಗೆ ಏರಿಸಿದ್ದು. ನನ್ನ 74ರ ಜಾಗದಲ್ಲಿ ನಿಮ್ಮ ದಿನಗಳನ್ನು ಹಾಕಿ. ಯಾವ ಎರಡು ತಾರೀಖುಗಳ ನಡುವೆ ಅಂತರ ಒಂದು ಸಲಕ್ಕೊಂದು ಥರ ಇದೆಯೋ ಅಲ್ಲಿಂದ ಶುರುಮಾಡಿ.

ಬ್ಯಾಂಕಿಗೆ ಹೋಗುವ ಮುಂಚೆ ಇನ್ನೊಂದು ಲೆಕ್ಕ. ಮುಂದಿನ ವರ್ಷ ವ್ಯಾಪಾರ 30% ಬೆಳೆಸುವ ಯೋಚನೆ ಇದ್ದರೆ ದಾರಿಯ ₹46 ಲಕ್ಷ ₹60 ಲಕ್ಷ ಆಗುತ್ತದೆ. ಆ ಹೆಚ್ಚಿನ ₹14 ಲಕ್ಷವನ್ನು ಮೊದಲ ಹೆಚ್ಚುವರಿ ಪೀಸ್ ಮಾರುವ ಮುಂಚೆಯೇ ಹಾಕಿ ಮುಗಿಸಿರಬೇಕು, ಯಾಕೆಂದರೆ ಆ ಪೀಸಿನ ಆರ್ಡರ್ 74 ದಿನ ಮೊದಲೇ ಹೋಗಿರುತ್ತದೆ. ಲಿಮಿಟ್ ಹೆಚ್ಚಿಸಿ ಅಂತ ಅರ್ಜಿ ಕೊಡಬೇಕಾದದ್ದು ಮಾರಾಟ ಏರಿದ ಮೇಲೆ ಅಲ್ಲ, ಆ ಆರ್ಡರ್ ಹಾಕುವ ಮುಂಚೆ.